ಟನ್ ಕಂಬಿಗೆ ಎಷ್ಟು ಕಟ್ಟುತಂತಿ?

ಹೆಗ್ಗದ್ದೆಯ ಸುತ್ತಿನ ಕಾಫಿ ತೋಟವೊಂದರಲ್ಲಿ ಕೂಲಿಯವರಿಗೆ ಲೈನ್ ಮನೆ ಕಟ್ಟಿಸಬೇಕು ಅಂತಿಟ್ಟುಕೊಳ್ಳಿ. ಮೇಸ್ತ್ರಿ ಬರೆದು ಕೊಡುವ ಪಟ್ಟಿಯಲ್ಲಿ ಸಿಮೆಂಟು ಇಷ್ಟು ಚೀಲ, ಎಂ-ಸ್ಯಾಂಡ್ ಇಷ್ಟು ಲೋಡು, ಜಲ್ಲಿ ಇಷ್ಟು, 8 ಎಂಎಂ ಕಂಬಿ ಇಷ್ಟು, 16 ಎಂಎಂ ಇಷ್ಟು ಎಂದು ಎಲ್ಲವೂ ಇರುತ್ತದೆ. ಆ ಕಂಬಿಗಳನ್ನು ಒಂದಕ್ಕೊಂದು ಕಟ್ಟುವ ಬೈಂಡಿಂಗ್ ವೈರ್ ಮಾತ್ರ ಬಹಳ ಸಲ ಇರುವುದಿಲ್ಲ. ಸೆಂಟ್ರಿಂಗ್ ಮುಗಿದು, ಕಂಬಿ ಹಾಸಿ, ಮೋಲ್ಡ್ ಹಾಕುವುದಕ್ಕೆ ಮಿಕ್ಸರ್ ಹೇಳಿಟ್ಟ ಹಿಂದಿನ ದಿನ ಯಾರೋ ಒಬ್ಬರು ವೈರ್ ತರಲು ಸಕಲೇಶಪುರಕ್ಕೆ ಬೈಕ್ ಹತ್ತುತ್ತಾರೆ.

ಇದು ಬರೀ ಮರೆವಲ್ಲ. ನಾವು ಅಂದಾಜುಪಟ್ಟಿ ಮಾಡುವ ಕ್ರಮದಲ್ಲೇ ವೈರ್‌ಗೆ ಜಾಗವಿಲ್ಲ. ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಕಂಬಿ ಕೆಲಸಕ್ಕೆ ಇರುವುದು ಒಂದೇ ಬಾಬತ್ತು. ನೆಟ್ಟಗೆ ಮಾಡುವುದು, ಕತ್ತರಿಸುವುದು, ಬಗ್ಗಿಸುವುದು, ಇಡುವುದು, ವೈರ್‌ನಿಂದ ಕಟ್ಟುವುದು ಎಲ್ಲವೂ ಆ ಒಂದು ದರದೊಳಗೇ ಬರುತ್ತವೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ನಿಯಮವೂ ಹೀಗೆಯೇ ಇದೆ: ಕಟ್ಟುವ ತಂತಿಯನ್ನು ಬೇರೆಯಾಗಿ ಅಳೆಯುವುದಿಲ್ಲ, ಅದರ ಖರ್ಚು ಕಂಬಿಯ ದರದಲ್ಲಿ ಸೇರಿದೆ. ಕಂಬಿಯನ್ನೂ ತಕ್ಕಡಿಗೆ ಹಾಕುವುದಿಲ್ಲ, ನಕ್ಷೆಯಲ್ಲಿರುವ ಉದ್ದಕ್ಕೆ ಮೀಟರಿಗಿಷ್ಟು ತೂಕ ಎಂದು ಲೆಕ್ಕ ಹಾಕುತ್ತಾರೆ. ಎಂಜಿನಿಯರ್ ಮಾಡುವ ಬಾರ್ ಬೆಂಡಿಂಗ್ ಷೆಡ್ಯೂಲ್‌ನಲ್ಲಿ ಪ್ರತಿ ಕಂಬಿಯ ಉದ್ದ, ಬಾಗು, ಸಂಖ್ಯೆ ಇರುತ್ತವೆ, ಕಟ್ಟು ಎಷ್ಟು ಎಂಬುದು ಇರುವುದಿಲ್ಲ. ಬಿಲ್ ಬರೆಯುವುದಕ್ಕೆ ಇದು ಸರಿಯಾದ ಕ್ರಮವೇ. ಪೂರ್ತಿ ಕಂತ್ರಾಟಿನಲ್ಲಿ ಆ ಖರ್ಚು ಕಂತ್ರಾಟುದಾರನ ತಲೆಗೆ ಹೋಗುತ್ತದೆ. ಆದರೆ ಊರಿನ ಮನೆ ಕೆಲಸಗಳು ಹೆಚ್ಚಾಗಿ ಕೂಲಿ ಗುತ್ತಿಗೆಯವು, ಸಾಮಾನು ಮಾಲೀಕರದು. ಸರ್ಕಾರಿ ಪಟ್ಟಿಯ ಮಾದರಿಯಲ್ಲೇ ಸಾಮಾನಿನ ಚೀಟಿ ಬರೆದರೆ, ದರದೊಳಗೆ ಅಡಗಿದ್ದ ವೈರ್ ಇಲ್ಲಿ ಯಾರ ಲೆಕ್ಕಕ್ಕೂ ಬಾರದೆ ಉಳಿಯುತ್ತದೆ.

ಹೇಗೋ ನೆನಪಾಗಿ ಬರೆದವರು ಸಾಮಾನ್ಯವಾಗಿ ಟನ್ನಿಗೆ 8ರಿಂದ 10 ಕೆ.ಜಿ. ಎಂದು ಹಿಡಿಯುತ್ತಾರೆ. ಬಾಯಿಲೆಕ್ಕಕ್ಕೆ ಅದು ತಪ್ಪಲ್ಲ. ಆದರೆ ಎಲ್ಲಿ ಸರಿ, ಎಲ್ಲಿ ಸಾಲದು ಎಂದು ತಿಳಿಯಬೇಕಾದರೆ ಒಂದು ತಾರಸಿಯನ್ನು ಕೂತು ಎಣಿಸಬೇಕು.

ಲೈನ್ ಮನೆಯ ತಾರಸಿ 30 ಅಡಿ ಉದ್ದ, 20 ಅಡಿ ಅಗಲ ಇರಲಿ. ಅಗಲದ ದಿಕ್ಕಿಗೆ ಆರು ಇಂಚಿಗೊಂದರಂತೆ 8 ಎಂಎಂ ಕಂಬಿ ಹಾಕಿದರೆ 61 ಕಂಬಿ ಬೇಕು. ಉದ್ದದ ದಿಕ್ಕಿಗೆ ಎಂಟು ಇಂಚಿಗೊಂದರಂತೆ 31. ಎರಡೂ ಸೇರಿ 2,150 ಅಡಿ, ಅಂದರೆ ಸುಮಾರು 655 ಮೀಟರ್. ಎಂಟು ಎಂಎಂ ಕಂಬಿ ಮೀಟರಿಗೆ 395 ಗ್ರಾಂ ತೂಗುವುದರಿಂದ ಒಟ್ಟು 259 ಕೆ.ಜಿ. ಆಯಿತು. ಬಾಗು, ಮೇಲಿನ ಹೆಚ್ಚುವರಿ ಕಂಬಿಗಳನ್ನು ಸದ್ಯಕ್ಕೆ ಬಿಡೋಣ.

ಈಗ ಕಟ್ಟುಗಳು. 61 ಕಂಬಿ 31 ಕಂಬಿಗಳನ್ನು ದಾಟುವ ಜಾಗಗಳು 1,891. ಎಲ್ಲವನ್ನೂ ಕಟ್ಟಬೇಕಿಲ್ಲ. ವೈರ್ ಯಾವ ಭಾರವನ್ನೂ ಹೊರುವುದಿಲ್ಲ, ಕಾಂಕ್ರೀಟ್ ಗಟ್ಟಿಯಾಗುವವರೆಗೆ ಕಂಬಿಯನ್ನು ಇದ್ದಲ್ಲೇ ಹಿಡಿದಿಡುವುದಷ್ಟೇ ಅದರ ಕೆಲಸ. ಆದ್ದರಿಂದ ನಾಲ್ಕೂ ಅಂಚಿನ ಸಾಲುಗಳಲ್ಲಿ ಪ್ರತಿ ಸಂಧಿಯನ್ನೂ ಕಟ್ಟಿ, ಒಳಗೆ ಒಂದು ಬಿಟ್ಟು ಒಂದು ಕಟ್ಟುವುದು ರೂಢಿ. ಅಂಚಿನಲ್ಲಿ 180, ಒಳಗೆ ಉಳಿದ 1,711ರಲ್ಲಿ ಅರ್ಧ, ಹೆಚ್ಚುಕಡಿಮೆ 855. ಒಟ್ಟು 1,035 ಕಟ್ಟು.

ಒಂದು ಕಟ್ಟಿಗೆ ಒಂದು ಅಡಿ ತುಂಡನ್ನು ಮಡಚಿ ಎರಡೆಳೆ ಮಾಡಿ, ಓರೆಯಾಗಿ ಸುತ್ತಿ, ಹುಕ್ಕಿನಿಂದ ತಿರುಚುತ್ತಾರೆ. ಅಲ್ಲಿಗೆ 315 ಮೀಟರ್ ಚಿಲ್ಲರೆ ವೈರ್ ಬೇಕು. ಹದಿನೆಂಟು ಗೇಜಿನ ವೈರ್ ಸುಮಾರು 1.2 ಎಂಎಂ ದಪ್ಪ, ಕೆ.ಜಿ.ಗೆ 109 ಮೀಟರಿನಷ್ಟು ಬರುತ್ತದೆ. ಹಾಗಾದರೆ 2.9 ಕೆ.ಜಿ. ಸಣ್ಣದಾಗಿ ಕಾಣುತ್ತದೆ, ಆದರೆ ಅದು ಕಟ್ಟಿದ್ದು 259 ಕೆ.ಜಿ. ಕಂಬಿಯನ್ನು. ಟನ್ನಿಗೆ ತಿರುಗಿಸಿದರೆ 11 ಕೆ.ಜಿ.

ಇದೇ ತಾರಸಿಯ ಪ್ರತಿ ಸಂಧಿಯನ್ನೂ ಕಟ್ಟಿದರೆ ಟನ್ನಿಗೆ 20 ಕೆ.ಜಿ. ತಲುಪುತ್ತದೆ. ಇಪ್ಪತ್ತು ಗೇಜಿನ ತೆಳು ವೈರ್ ಕೆ.ಜಿ.ಗೆ 194 ಮೀಟರ್ ಬರುವುದರಿಂದ, ಮೊದಲಿನಂತೆ ಒಂದು ಬಿಟ್ಟು ಒಂದು ಕಟ್ಟಿದರೆ ಆರು ಕೆ.ಜಿ. ಆಸುಪಾಸಿಗೆ ಇಳಿಯುತ್ತದೆ. ಕಂಬಿ ಅದೇ, ತಾರಸಿ ಅದೇ, ವೈರ್ ಮಾತ್ರ ಆರರಿಂದ ಇಪ್ಪತ್ತು! ಹತ್ತು ಕೆ.ಜಿ. ಸಾಕಾಯಿತೇ ಎಂದು ಇಬ್ಬರು ಮೇಸ್ತ್ರಿಗಳು ವಾದಕ್ಕೆ ನಿಂತರೆ ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. ಗೇಜ್ ಯಾವುದು, ಕಟ್ಟು ಹೇಗೆ ಎಂದು ಕೇಳದೆ ಟನ್ನಿನ ಲೆಕ್ಕಕ್ಕೆ ಅರ್ಥವಿಲ್ಲ.

ಇವೆರಡಕ್ಕಿಂತಲೂ ಹೆಚ್ಚು ಆಟ ಆಡುವುದು ಕಂಬಿಯ ದಪ್ಪ. ಆರು ಇಂಚಿಗೊಂದರಂತೆ ಎರಡೂ ಕಡೆ ಹಾಸಿದ ಜಾಲದಲ್ಲಿ, ಕಂಬಿ ತೆಳುವಿರಲಿ ದಪ್ಪವಿರಲಿ, ಸಂಧಿಗಳ ಸಂಖ್ಯೆ ಒಂದೇ. ಆದರೆ ಕಂಬಿಯ ದಪ್ಪ ಎರಡು ಪಟ್ಟಾದರೆ ತೂಕ ನಾಲ್ಕು ಪಟ್ಟಾಗುತ್ತದೆ. ದಪ್ಪ ಕಂಬಿಗೆ ತುಂಡು ಸ್ವಲ್ಪ ಉದ್ದ ಬೇಕು, ನಿಜ, ಆದರೆ ತೂಕ ಏರುವ ವೇಗದಲ್ಲಿ ಅಲ್ಲ. ಎಂಟು ಎಂಎಂ ಜಾಲಕ್ಕೆ, 18 ಗೇಜಿನಲ್ಲಿ ಒಂದು ಬಿಟ್ಟು ಒಂದು ಕಟ್ಟಿದರೆ, ಟನ್ನಿಗೆ ಹನ್ನೊಂದೂವರೆ ಕೆ.ಜಿ. ಬೇಕು. ಹನ್ನೆರಡು ಎಂಎಂ ಆದರೆ ಆರು ಕೆ.ಜಿ. ಒಳಗೇ ಮುಗಿಯುತ್ತದೆ. ದೊಡ್ಡ ಕಟ್ಟಡದ ಬುನಾದಿಗೆ ಹಾಸುವ 25 ಎಂಎಂ ಜಾಲಕ್ಕೆ ಎರಡು ಕೆ.ಜಿ.ಯೂ ಹಿಡಿಯದು.

ಅಂತರವೂ ಹೀಗೆಯೇ. ಕಾಫಿ ಒಣಗಿಸುವ ಕಣಕ್ಕೆ 8 ಎಂಎಂ ಕಂಬಿಯನ್ನು ಒಂದು ಅಡಿಗೊಂದರಂತೆ ಹಾಸಿದರೆ ಕಂಬಿ ಅರ್ಧವಾಗುತ್ತದೆ, ಸಂಧಿ ಕಾಲು ಭಾಗಕ್ಕೆ ಇಳಿಯುತ್ತದೆ. ಟನ್ನಿಗೆ ಬೇಕಾದ ವೈರ್ ಕೂಡ ಅರ್ಧ.

ಹೆದ್ದಾರಿ ಇಲಾಖೆಯ ದರ ವಿಶ್ಲೇಷಣೆಯ ಪುಸ್ತಕದಲ್ಲಿ ಸೇತುವೆಯ ಬುನಾದಿಗೆ ಟನ್ ಕಂಬಿಗೆ 6 ಕೆ.ಜಿ. ವೈರ್ ಇಟ್ಟಿದ್ದಾರೆ. ಸೇತುವೆಯ ದಪ್ಪ ಕಂಬಿಗಳಿಗೆ ಅದು ಒಪ್ಪುತ್ತದೆ. ಅದೇ ಆರನ್ನು ಎತ್ತಿ 8 ಎಂಎಂ ತಾರಸಿಗೆ ಹಾಕಿದರೆ ಅರ್ಧ ಕೆಲಸಕ್ಕೆ ವೈರ್ ಮುಗಿಯುತ್ತದೆ. ಹೆಗ್ಗದ್ದೆಯವರ ಮನೆಬಾಗಿಲಲ್ಲೇ 2015ರಲ್ಲಿ ಶಿರಾಡಿ ಘಾಟಿಯ ಕೆಂಪುಹೊಳೆವರೆಗಿನ ಕಾಂಕ್ರೀಟ್ ರಸ್ತೆ ಕೆಲಸ ನಡೆಯಿತು. ಇಂಥ ರಸ್ತೆಗಳಲ್ಲಿ ಸಾಮಾನ್ಯವಾಗಿ ಜಾಲವೇ ಇರುವುದಿಲ್ಲ, ಜೋಡುಗಳಲ್ಲಿ ಮಾತ್ರ ಕಂಬಿ ತುಂಡುಗಳನ್ನು ಕೂರಿಸುತ್ತಾರೆ. ಅಂಥ ಕೆಲಸದ ಅನುಭವದಿಂದ ಮನೆಯ ವೈರ್ ಅಂದಾಜು ಮಾಡಲು ಬರುವುದಿಲ್ಲ.

ಕಂಬಕ್ಕೆ ಬೇರೆ ಲೆಕ್ಕ. ಒಂಬತ್ತು ಇಂಚು-ಹನ್ನೆರಡು ಇಂಚಿನ, ಆರು 16 ಎಂಎಂ ಕಂಬಿಯ, ಆರು ಇಂಚಿಗೊಂದು 8 ಎಂಎಂ ರಿಂಗ್ ಇರುವ ಹತ್ತಡಿ ಕಂಬದಲ್ಲಿ ಕಂಬಿ ಸುಮಾರು 37 ಕೆ.ಜಿ. ದಪ್ಪ ಕಂಬಿಯಾದ್ದರಿಂದ ವೈರ್ ಕಡಿಮೆ ಸಾಕು ಎನಿಸುತ್ತದೆ. ಆದರೆ ಇಲ್ಲಿ ಬಿಟ್ಟು ಕಟ್ಟುವಂತಿಲ್ಲ. ಇಪ್ಪತ್ತೊಂದು ರಿಂಗಿಗೆ ಆರಾರು ಕಡೆ, 126 ಕಟ್ಟು. ಲೆಕ್ಕ ಮತ್ತೆ ಟನ್ನಿಗೆ ಹತ್ತು ಕೆ.ಜಿ. ಹತ್ತಿರವೇ ಬಂದು ನಿಲ್ಲುತ್ತದೆ. ಸಣ್ಣ ಮನೆಗೆ 18 ಗೇಜಿನಲ್ಲಿ ಟನ್ನಿಗೆ 10ರಿಂದ 11, ತುಂಡು ಮುರಿಯುವುದು, ಬಿದ್ದುಹೋಗುವುದಕ್ಕೆ ಹತ್ತನೇ ಒಂದು ಪಾಲು ಸೇರಿಸಿ 12 ಕೆ.ಜಿ. ಎಂದು ಬರೆದರೆ ನನ್ನ ಮಟ್ಟಿಗೆ ಸರಿ.

ದುಡ್ಡಿನಲ್ಲಿ ಇದು ದೊಡ್ಡದೇನಲ್ಲ. ಕಂಬಿ ಟನ್ನಿಗೆ 60,000, ವೈರ್ ಕೆ.ಜಿ.ಗೆ 80 ರೂಪಾಯಿ ಎಂದು ಹಿಡಿದರೆ 12 ಕೆ.ಜಿ.ಗೆ 960 ರೂಪಾಯಿ, ಕಂಬಿಯ ಬೆಲೆಯಲ್ಲಿ ನೂರಕ್ಕೆ ಎರಡೂ ಆಗದು. ಕಣ್ಣಿಗೆ ಬೀಳದಿರುವುದಕ್ಕೆ ಇದೂ ಒಂದು ಕಾರಣ. ತೊಂದರೆ ಇರುವುದು ವೈರ್ ಕಡಿಮೆಯಾದಾಗ ಸೈಟಿನಲ್ಲಿ ನಡೆಯುವ ಹೊಂದಾಣಿಕೆಯಲ್ಲಿ. ಕೆಲಸ ನಿಲ್ಲಿಸುವ ಬದಲು ಒಂದು ಬಿಟ್ಟು ಕಟ್ಟುತ್ತಿದ್ದವರು ಮೂರು ಬಿಟ್ಟು ಕಟ್ಟುತ್ತಾರೆ, ಎರಡೆಳೆ ಒಂದೆಳೆಯಾಗುತ್ತದೆ. ಮೋಲ್ಡ್ ಹಾಕುವಾಗ ಬಾಂಡ್ಲಿ ಹೊತ್ತವರು ಜಾಲದ ಮೇಲೇ ಓಡಾಡುತ್ತಾರೆ, ವೈಬ್ರೇಟರ್ ನಡುಗಿಸುತ್ತದೆ. ಆರು ಇಂಚಿದ್ದ ಅಂತರ ಒಂದು ಕಡೆ ನಾಲ್ಕು, ಪಕ್ಕದಲ್ಲಿ ಎಂಟು ಆಗುತ್ತದೆ. ಸಜ್ಜಾ, ಬಾಲ್ಕನಿಗಳಲ್ಲಿ ಇದು ಅಪಾಯಕ್ಕೇ ಕೊಂಡೊಯ್ಯುತ್ತದೆ. ಅಲ್ಲಿ ಭಾರ ಹಿಡಿಯುವ ಕಂಬಿ ಮೇಲ್ಭಾಗದಲ್ಲಿರಬೇಕು, ಕಟ್ಟು ಸಡಿಲವಾಗಿ ಅದು ಕೆಳಗೆ ಕುಸಿದರೆ ಕಂಬಿ ಇದ್ದೂ ಇಲ್ಲದ ಹಾಗೆ.

ಪರೀಕ್ಷೆ ಸುಲಭ. ಮೋಲ್ಡಿಗೆ ಮೊದಲು ಜಾಲದ ಮೇಲೆ ನಡೆದು ನೋಡಿ, ಒಂದು ಕಂಬಿಯನ್ನು ಕಾಲಲ್ಲಿ ಪಕ್ಕಕ್ಕೆ ತಳ್ಳಿ. ಅದೊಂದೇ ಜಾರಿದರೆ ಕಟ್ಟು ಸಾಲದು, ಜಾಲವೆಲ್ಲ ಒಟ್ಟಿಗೆ ಅಲುಗಿದರೆ ಸರಿ. ಇನ್ನೊಂದು ದಾರಿ ಉಳಿದ ವೈರ್ ತೂಗುವುದು. ಟನ್ ಕಂಬಿಯ 8 ಎಂಎಂ ತಾರಸಿಗೆ 18 ಗೇಜಿನಲ್ಲಿ ನಾಲ್ಕೈದು ಕೆ.ಜಿ.ಯಷ್ಟೇ ಖರ್ಚಾಗಿದ್ದರೆ ಅದು ಉಳಿತಾಯವಲ್ಲ, ಕಟ್ಟದೆ ಬಿಟ್ಟ ಸಂಧಿಗಳ ಲೆಕ್ಕ.

ಮಲೆನಾಡಿನಲ್ಲಿ ಇನ್ನೊಂದು ಸಂಗತಿ ಸೇರುತ್ತದೆ. ಬೈಂಡಿಂಗ್ ವೈರ್ ಕಾಯಿಸಿ ಮೆತ್ತಗೆ ಮಾಡಿದ ಕಪ್ಪು ತಂತಿ, ಮೇಲೆ ಸತುವಿನ ಲೇಪವಿಲ್ಲ. ಮಳೆಗಾಲದಲ್ಲಿ ಕಂಬಿಯ ಜೊತೆ ಹೊರಗೆ ಬಿದ್ದಿದ್ದರೆ ಕಂಬಿಗೆ ಮೇಲ್ಮೈ ತುಕ್ಕಷ್ಟೇ ಹಿಡಿಯುತ್ತದೆ, ಆದರೆ ಒಂದು ಚಿಲ್ಲರೆ ಎಂಎಂ ದಪ್ಪದ ವೈರ್ ಸವೆದು, ಹುಕ್ಕು ಎರಡು ಸುತ್ತು ತಿರುಗಿಸುವಷ್ಟರಲ್ಲಿ ಪಟ್ಟನೆ ತುಂಡಾಗುತ್ತದೆ. ಆಗ ಹತ್ತನೇ ಒಂದು ಪಾಲಿನ ನಷ್ಟದ ಲೆಕ್ಕ ಕೆಡುತ್ತದೆ. ಮೇ ತಿಂಗಳಲ್ಲಿ ತಂದು ಆಗಸ್ಟ್‌ನಲ್ಲಿ ಕಟ್ಟುವುದಾದರೆ ವೈರ್ ಸುರುಳಿ ಸಿಮೆಂಟಿನ ಜೊತೆ ಒಳಗಿರಬೇಕು. ಕಟ್ಟಿದ ಮೇಲೆ ಉಳಿಯುವ ತುದಿಗಳನ್ನು ಒಳಕ್ಕೆ ಮಡಚಿಸಬೇಕು. ಕೆಳಕ್ಕೆ ಚಾಚಿ ಸೆಂಟ್ರಿಂಗ್ ಹಲಗೆಗೆ ತಾಗಿದ ತುದಿ ಮುಂದೆ ಸೂರಿನಲ್ಲಿ ಕಂದು ಚುಕ್ಕೆಯಾಗಿ ಕಾಣುತ್ತದೆ. ಸುಣ್ಣ ಬಳಿದರೂ ಅದು ಮತ್ತೆ ಮೂಡುತ್ತದೆ.

ಕಂಬಿ ಕಟ್ಟುವವರಿಗೆ ಕೆ.ಜಿ. ಲೆಕ್ಕದಲ್ಲಿ ಕೂಲಿ ಗೊತ್ತುಮಾಡುವ ದಿನವೇ ಎರಡು ಮಾತು ಚೀಟಿಯಲ್ಲಿ ಬರೆಸಿ: ವೈರ್ ತರುವವರು ಯಾರು, ಗೇಜ್ ಯಾವುದು. ಕಂಬಿಯ ಸಾಲಿನ ಕೆಳಗೆ ವೈರ್‌ಗೂ ಒಂದು ಸಾಲು ಎಳೆದು, ಕಂಬಿ ಬರುವ ಲಾರಿಯಲ್ಲೇ ಅದನ್ನೂ ಹಾಕಿಸಿ.