ಹೆಸರಿಗೆ ಮ್ಯಾನೇಜರ್, ಕೆಲಸ ಕೌಂಟರಿನಲ್ಲಿ

ಬೆಂಗಳೂರಿನ ಒಂದು ಬಟ್ಟೆ ಅಂಗಡಿ ಎಂದುಕೊಳ್ಳಿ. ಅಲ್ಲೊಬ್ಬ ಯುವಕನಿಗೆ 'ಫ್ಲೋರ್ ಮ್ಯಾನೇಜರ್' ಎಂಬ ಹುದ್ದೆ. ಬೆಳಿಗ್ಗೆ ಬಂದು ಶಟರ್ ಎತ್ತುತ್ತಾನೆ, ಸ್ಟಾಕ್ ಎಣಿಸುತ್ತಾನೆ, ಮಧ್ಯಾಹ್ನವೆಲ್ಲ ಬಿಲ್ ಹಾಕುತ್ತಾನೆ, ರಾತ್ರಿ ಕ್ಯಾಷ್ ತಾಳೆ ನೋಡಿ ಬೀಗ ಹಾಕುತ್ತಾನೆ. ವಾರಕ್ಕೆ ಆರು ದಿನ, ದಿನಕ್ಕೆ ಹತ್ತು ಗಂಟೆ ದುಡಿಮೆ. ಓಟಿ ಕೇಳಿದರೆ ಸಿಗುವ ಉತ್ತರ ಒಂದೇ: "ನೀವು ಮ್ಯಾನೇಜರು, ನಿಮಗೆಲ್ಲಿಯ ಓಟಿ?"

ಈ ಮಾತಿಗೆ ಕಾನೂನಿನ ಆಸರೆ ಇಲ್ಲದಿಲ್ಲ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ ಹಾಕಿದೆ. ಅದಕ್ಕಿಂತ ಹೆಚ್ಚು ದುಡಿಸಿಕೊಂಡರೆ ದುಪ್ಪಟ್ಟು ದರದಲ್ಲಿ ಕೂಲಿ ಕೊಡಬೇಕು. ಆಡಳಿತದ ಸ್ಥಾನದಲ್ಲಿರುವವರನ್ನು ಮಾತ್ರ ಅದು ಹೊರಗಿಟ್ಟಿದೆ. ಮಾಲೀಕರು ಹಿಡಿದುಕೊಳ್ಳುವುದು ಇದೇ ಎಳೆಯನ್ನು. ಆದರೆ ನೇಮಕಾತಿ ಪತ್ರದಲ್ಲಿ 'ಮ್ಯಾನೇಜರ್' ಎಂದು ಟೈಪಾದ ಮಾತ್ರಕ್ಕೆ ಆ ಸ್ಥಾನ ಬಂದುಬಿಡುವುದಿಲ್ಲ.

1985ರಲ್ಲಿ ಅರ್ಕಲ್ ಗೋವಿಂದರಾಜ ರಾವ್ ಮತ್ತು ಸೀಬಾ ಗೈಗಿ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಅದು ಓಟಿಯ ಜಗಳವಲ್ಲ. ಕೆಲಸ ಕಳೆದುಕೊಂಡ ನೌಕರ ಕಾನೂನಿನ ಕಣ್ಣಿನಲ್ಲಿ ಕಾರ್ಮಿಕನೋ ಅಲ್ಲವೋ ಎಂಬ ಪ್ರಶ್ನೆ. ಮುಖ್ಯವಾಗಿ ಆತ ಮಾಡುತ್ತಿದ್ದ ಕೆಲಸ ಯಾವುದೆಂದು ನೋಡಬೇಕು, ಜೊತೆಗೆ ಅಂಟಿಕೊಂಡ ಒಂದಿಷ್ಟು ಮೇಲ್ವಿಚಾರಣೆಯಿಂದ ಅವನ ಸ್ಥಾನ ಬದಲಾಗದು ಎಂದಿತು ಕೋರ್ಟು. ಓಟಿಯ ವಿಚಾರದಲ್ಲಿಯೂ ವಾದ ನಡೆಯುವುದು ಇದೇ ದಾರಿಯಲ್ಲಿ.

ನಮ್ಮ ಫ್ಲೋರ್ ಮ್ಯಾನೇಜರನನ್ನೇ ಕೇಳೋಣ. ಯಾರನ್ನಾದರೂ ಕೆಲಸಕ್ಕೆ ತೆಗೆದುಕೊಳ್ಳಬಲ್ಲನೇ? ಹುಡುಗನೊಬ್ಬನಿಗೆ ಎರಡು ದಿನ ರಜೆ ತಾನೇ ಮಂಜೂರು ಮಾಡಬಲ್ಲನೇ, ಇಲ್ಲ ಹೆಡ್ ಆಫೀಸಿಗೆ ಕಳಿಸಿ ಕಾಯಬೇಕೇ? ರಿಯಾಯಿತಿ ಎಷ್ಟೆಂದು ತೀರ್ಮಾನಿಸುವವರು ಯಾರು? ಎಲ್ಲದಕ್ಕೂ ಮೇಲಿನವರ ಒಪ್ಪಿಗೆ ಬೇಕೆಂದರೆ ಅವನದು ಬರೀ ಹೆಸರಿನ ಅಧಿಕಾರ. ಶಿಫ್ಟ್ ಪಟ್ಟಿ ಬರೆಯುವುದು, ಹಾಜರಿ ನೋಡುವುದು ಮುಂತಾದವು ಸಾಲುವುದಿಲ್ಲ. ನಿಜವಾಗಿಯೂ ನೇಮಿಸುವ, ಶಿಸ್ತುಕ್ರಮ ಕೈಗೊಳ್ಳುವ ಅಧಿಕಾರ ಇದ್ದವರು, ಆಗೊಮ್ಮೆ ಈಗೊಮ್ಮೆ ಬಿಲ್ ಹಾಕಿದರೂ ಓಟಿ ಕೇಳಿ ಗೆಲ್ಲುವುದು ಕಷ್ಟ.

ಲೆಕ್ಕ ಸಣ್ಣದೇನಲ್ಲ. ತಿಂಗಳ ಮೂಲ ವೇತನ, ತುಟ್ಟಿಭತ್ಯೆ ಸೇರಿ 26,000 ರೂಪಾಯಿ ಎನ್ನೋಣ. 26 ದಿನ, ದಿನಕ್ಕೆ 8 ಗಂಟೆಯಂತೆ ಭಾಗಿಸಿದರೆ ಗಂಟೆಗೆ 125, ಓಟಿಗೆ 250. ವಾರಕ್ಕೆ 60 ಗಂಟೆ ದುಡಿದರೆ ಹೆಚ್ಚುವರಿ 12 ಗಂಟೆ, ಅಂದರೆ ವಾರವೊಂದಕ್ಕೆ 3,000 ರೂಪಾಯಿ. ಅಷ್ಟೇ ಅಲ್ಲ, ಮೂರು ತಿಂಗಳಲ್ಲಿ 50 ಗಂಟೆಗಿಂತ ಹೆಚ್ಚು ಓಟಿ ಮಾಡಿಸುವುದಕ್ಕೇ ಈ ಕಾಯ್ದೆಯಲ್ಲಿ ಅವಕಾಶವಿಲ್ಲ. ಈ ಅಂಗಡಿ ಐದನೆಯ ವಾರಕ್ಕೇ ಆ ಗಡಿ ದಾಟುತ್ತದೆ.

ಇಂಥ ಜಗಳಗಳು ಸೋಲುವುದು ಹೆಚ್ಚಾಗಿ ಪುರಾವೆಯಿಲ್ಲದೆ. ಪಂಚಿಂಗ್ ದಾಖಲೆ, ನಿಮ್ಮ ಹೆಸರಿನಲ್ಲಿ ಹಾಕಿದ ಬಿಲ್ಲುಗಳ ವಿವರ, ರಜೆಗೆ ಒಪ್ಪಿಗೆ ಕೇಳಿ ಮೇಲಿನವರಿಗೆ ಕಳಿಸಿದ ವಾಟ್ಸಾಪ್ ಸಂದೇಶ ಇವುಗಳನ್ನು ತೆಗೆದಿಟ್ಟುಕೊಂಡು, ಕಾರ್ಮಿಕ ಇಲಾಖೆಯ ನಿರೀಕ್ಷಕರ ಬಳಿ ಲಿಖಿತ ದೂರು ಕೊಡಿ. ಕೆಲಸ ಬಿಟ್ಟ ಮೇಲೆ ಅವು ಕೈಗೆ ಸಿಗುವುದಿಲ್ಲ.