ವರ್ಗವೆಷ್ಟು, ಕುಮ್ಕಿಯೆಷ್ಟು?

ಉಡುಪಿ, ಮಣಿಪಾಲಗಳ ಕಡೆಯ ನಿವೇಶನ ದಲ್ಲಾಳಿಗಳು ಈಚೆಗೆ ತಮ್ಮ ಜಾಹೀರಾತನ್ನು ಕೈಫೋನಿನಲ್ಲಿ ಬೆರಳಿನಿಂದ ಸರಿಸಿ ನೋಡತಕ್ಕ ಚಿತ್ರಮಾಲೆಯಾಗಿ ಕಳುಹಿಸುತ್ತಿರುವರು. ಮೊದಲನೆಯ ಚಿತ್ರದಲ್ಲಿ ತೆಂಗಿನ ಮರಗಳ ನಡುವಣ ಸಮತಟ್ಟಾದ ಜಾಗ, ಎರಡನೆಯದರಲ್ಲಿ ಪಹಣಿ, ಮೂರನೆಯದರಲ್ಲಿ ಭೂಪರಿವರ್ತನೆಯ ಆದೇಶ, ಮುಂದೆ ಋಣಭಾರ ಪತ್ರ, ಖಾತೆ, ಕೊನೆಯದರಲ್ಲಿ ‘ದಾಖಲೆಗಳನ್ನು ನೋಡಿಯೇ ಕೊಳ್ಳಿರಿ’ ಎಂಬ ಬುದ್ಧಿವಾದ. ಬುದ್ಧಿವಾದವೇನೋ ಸರಿಯಾದುದೇ. ಆದರೆ ಯಾವ ಕಾಗದವನ್ನು ಯಾವುದರೊಡನೆ ಇಟ್ಟು ನೋಡಬೇಕೆಂಬುದನ್ನು ಆ ಚಿತ್ರಗಳು ಹೇಳುವುದಿಲ್ಲ. ನಮ್ಮ ಸೀಮೆಯಲ್ಲಿ ಕಾಗದಗಳೆಲ್ಲವೂ ನಿಜವಾಗಿದ್ದು, ಕೊಂಡವನು ಮಾತ್ರ ನಷ್ಟಪಡುವ ಒಂದು ಸಂದರ್ಭವುಂಟು. ಅದಕ್ಕೆ ಕಾರಣವಾಗುವುದು ಕುಮ್ಕಿ ಜಾಗ. ಅದರ ವಿಷಯವಾಗಿಯೇ ಇಲ್ಲಿ ಮುಖ್ಯವಾಗಿ ಬರೆಯುವೆವು.

ಹಿಂದಿನ ದಕ್ಷಿಣ ಕನ್ನಡ ಜಿಲ್ಲೆಯು ಮದ್ರಾಸು ಆಡಳಿತಕ್ಕೆ ಸೇರಿದ್ದಾಗ, ತೀರ್ವೆ ಕಟ್ಟುವ ಸ್ವಂತ ಹಿಡುವಳಿಗೆ ವರ್ಗವೆಂದು ಹೆಸರಿತ್ತು. ಆ ವರ್ಗದ ಅಂಚಿನಿಂದ ನೂರು ಗಜದವರೆಗಿನ ಸರಕಾರಿ ಬಂಜರಿನಲ್ಲಿ ಸೊಪ್ಪು, ಸೌದೆ, ಹುಲ್ಲುಗಳನ್ನು ತೆಗೆದುಕೊಳ್ಳುವ ಸೌಲಭ್ಯವು ಒಕ್ಕಲಿಗನಿಗೆ ಇದ್ದಿತು. ಗದ್ದೆಗೆ ಗೊಬ್ಬರ ಬೇಕು, ಹಟ್ಟಿಗೆ ಸೊಪ್ಪು ಬೇಕು. ಅದಕ್ಕಾಗಿ ಬಿಟ್ಟುಕೊಟ್ಟ ಜಾಗವೇ ಕುಮ್ಕಿ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 79ನೆಯ ಪ್ರಕರಣವು ಈ ಸೌಲಭ್ಯವನ್ನು ಮುಂದುವರಿಸಿದೆ. ಆದರೆ ಸೌಲಭ್ಯವೆಂದರೆ ಒಡೆತನವಲ್ಲ. ಭೂಮಿಯು ಸರಕಾರದ್ದು, ಅದನ್ನು ಅನುಭವಿಸುತ್ತಿದ್ದವನು ಮಾರಲಾರನು. ಮೂರು ತಲೆಮಾರುಗಳಿಂದ ಗೇರು, ಮಾವು ಬೆಳೆಸಿ ಬೇಲಿ ಹಾಕಿದ್ದರೂ ಅಷ್ಟೆ. ಮೇಲಾಗಿ ಅದು ಬೇಸಾಯದ ಸಹಾಯಕ್ಕಾಗಿ ಇದ್ದ ಸೌಲಭ್ಯ. ಗದ್ದೆಯೇ ಮನೆಯ ನಿವೇಶನವಾಗಿ ಪರಿವರ್ತನೆಯಾದ ಮೇಲೆ ಅದರ ಆಸರೆಯನ್ನು ನೆಚ್ಚುವುದು ಕಷ್ಟ.

ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳೋಣ. ಕಾರ್ಕಳದ ಹೊರವಲಯದಲ್ಲಿ ನಾಲ್ಕೂ ಕಡೆ ಮುರಕಲ್ಲಿನ ಪಾಗಾರವಿರುವ ಜಾಗವೊಂದನ್ನು ತೋರಿಸುತ್ತಾರೆ. ಒಂದು ಬಾವಿ, ಹತ್ತಾರು ತೆಂಗು. ಪಾಗಾರದೊಳಗೆ 22 ಸೆಂಟ್ಸ್ ಇದೆಯೆಂದು ಹೇಳುತ್ತಾರೆ. ಅಳೆದರೆ ಅಷ್ಟೇ ಇರುತ್ತದೆ. ಸೆಂಟ್ಸಿಗೆ 4 ಲಕ್ಷದಂತೆ 88 ಲಕ್ಷ ರೂಪಾಯಿಗಳ ಮಾತುಕತೆ. ಪಹಣಿಯನ್ನು ತರಿಸಿದರೆ ಮಾರುವವರ ಹೆಸರೇ ಇದೆ, ಸಾಲವಿಲ್ಲ, ವ್ಯಾಜ್ಯವಿಲ್ಲ. ವಿಸ್ತೀರ್ಣದ ಕಲಮಿನಲ್ಲಿ ಮಾತ್ರ 0-14 ಎಂದಿದೆ. ಉಳಿದ 8 ಸೆಂಟ್ಸ್ ಎಲ್ಲಿಂದ ಬಂತು? ‘ಅದು ಕುಮ್ಕಿ ಸ್ವಾಮೀ, ಇಲ್ಲಿ ಎಲ್ಲರಿಗೂ ಇರುವುದೇ’ ಎಂಬುದು ಸಿದ್ಧ ಉತ್ತರ. ಹಾಗಾದರೆ ಕ್ರಯಪತ್ರದಲ್ಲಿ 14 ಸೆಂಟ್ಸ್ ಮಾತ್ರ ಬರೆಯಲ್ಪಡುವುದು. ಅದರ ಬೆಲೆ 56 ಲಕ್ಷ. ಮಿಕ್ಕ 32 ಲಕ್ಷವು, ಮಾರುವವನದಲ್ಲದ ನೆಲಕ್ಕೆ ಕೊಡುವ ಹಣ.

ಇಲ್ಲಿ ಪರಸ್ಥಳದವರಿಗೆ ಒಂದು ಮಾತು. ಮೈಸೂರು, ಬೆಂಗಳೂರು ಕಡೆ ಪಹಣಿಯ ವಿಸ್ತೀರ್ಣವು ಎಕರೆ-ಗುಂಟೆಯಲ್ಲಿರುವುದು, ನಮ್ಮಲ್ಲಿ ಎಕರೆ-ಸೆಂಟ್ಸ್‌ನಲ್ಲಿ. ಎಕರೆಗೆ ಗುಂಟೆ 40, ಸೆಂಟ್ಸ್ 100. ಮಣಿಪಾಲದಲ್ಲಿ ಉದ್ಯೋಗಕ್ಕೆ ಬಂದವರು 0-14 ಎಂಬುದನ್ನು ಹದಿನಾಲ್ಕು ಗುಂಟೆಯೆಂದು ಓದಿಕೊಂಡರೆ ಸುಮಾರು 15,200 ಚದರಡಿಯ ಆಸೆ ಹುಟ್ಟುವುದು. ನಿಜವಾಗಿ ಇರುವುದು ಸುಮಾರು 6,100 ಚದರಡಿ.

ಕುಮ್ಕಿ ಎಲ್ಲಿ ಸೇರಿದೆಯೆಂಬುದನ್ನು ಪತ್ತೆಮಾಡಲು ಹಳೆಯ ಕ್ರಯಪತ್ರದ ಚಕ್ಕುಬಂದಿಯೇ ಉತ್ತಮ ಸಾಕ್ಷಿ. ನಮ್ಮ ಜಿಲ್ಲೆಯ ಪತ್ರಗಳಲ್ಲಿ ನೆರೆಯವರ ಹೆಸರಿಗೆ ಬದಲಾಗಿ, ‘ಪೂರ್ವಕ್ಕೆ ಸರ್ವೆ ಲೈನು, ಉತ್ತರಕ್ಕೆ ಸಬ್‌ಡಿವಿಷನ್ ಲೈನು’ ಎಂದು ಬರೆಯುವ ವಾಡಿಕೆಯುಂಟು. ಸರ್ವೆ ಲೈನು ಎಂದರೆ ಆ ಸರ್ವೆ ನಂಬ್ರವು ಅಲ್ಲಿಗೆ ಮುಗಿಯಿತು ಎಂದರ್ಥ. ನಮ್ಮ ದೃಷ್ಟಾಂತದ ಜಾಗಕ್ಕೆ ಪೂರ್ವದಲ್ಲಿ ಸರ್ವೆ ಲೈನು ಇದ್ದು, ಪಾಗಾರವು ಅದನ್ನು ದಾಟಿ ಹೋಗಿದ್ದರೆ, ದಾಟಿದ ಭಾಗವು ಬೇರೆ ನಂಬ್ರಕ್ಕೆ ಸೇರಿದ್ದು. ಆ ಪಕ್ಕದ ನಂಬ್ರದ ಪಹಣಿಯನ್ನೂ ತೆಗೆಸಿರಿ. ಸ್ವಾಧೀನದಾರರ ಕಲಮಿನಲ್ಲಿ ‘ಸರಕಾರ’ ಎಂದಿದ್ದರೆ ಸಂಶಯವು ಪರಿಹಾರವಾಯಿತು. ಪಕ್ಕದ ನಂಬ್ರದ ಪಹಣಿಯನ್ನು ಯಾವ ದಲ್ಲಾಳಿಯ ಚಿತ್ರಮಾಲೆಯಲ್ಲಿಯೂ ನಾವು ಕಂಡಿಲ್ಲ.

ಆ ಮೇಲೆ ನಕ್ಷೆಯ ಕೆಲಸ. ಭೂಪರಿವರ್ತನೆಯ ಆದೇಶದೊಡನೆ ಒಂದು ನಕ್ಷೆ ಇರುವುದು. ಅದರಲ್ಲಿಯ ಅಳತೆಗಳನ್ನು ಹಿಡಿದುಕೊಂಡು, ಭೂಮಾಪಕರೊಬ್ಬರಿಂದ ಸ್ಥಳದಲ್ಲಿ ಗಡಿಯನ್ನು ಗುರುತಿಸಿಕೊಳ್ಳಬೇಕು. ತಾಲೂಕಿನ ಭೂಮಾಪನ ಶಾಖೆಗೆ ಹದ್ದುಬಸ್ತಿಗಾಗಿ ಮಾರುವವರಿಂದಲೇ ಅರ್ಜಿ ಹಾಕಿಸುವುದು ಇನ್ನೂ ಭದ್ರ. ತಡವಾಗುವುದೆಂದು ಅವರು ಗೊಣಗಬಹುದು, ಗೊಣಗಲಿ. ಗಡಿಗೂಟಗಳನ್ನು ನೆಟ್ಟ ಮೇಲೆ ಮೂರು ಸಂಗತಿಗಳನ್ನು ನೋಡಬೇಕು: ಬಾವಿಯು ಯಾವ ಕಡೆ ಬಿದ್ದಿತು, ಮನೆ ಕಟ್ಟಬೇಕೆಂದಿರುವ ತಾಣವು ಯಾವ ಕಡೆ ಬಿದ್ದಿತು, ರಸ್ತೆಗೆ ಹೋಗುವ ದಾರಿಯು ಯಾರ ನೆಲದ ಮೇಲಿದೆ. ಬಾವಿಯು ಕುಮ್ಕಿಯಲ್ಲಿದ್ದರೆ ಕುಡಿಯುವ ನೀರೇ ಪರರ ಸ್ವತ್ತಾಯಿತು. ಮನೆಯ ಸುತ್ತ ಬಿಡಬೇಕಾದ ತೆರಪನ್ನು ಪಾಗಾರದಿಂದ ಲೆಕ್ಕ ಹಾಕದೆ ನಿಜವಾದ ಗಡಿಯಿಂದಲೇ ಲೆಕ್ಕ ಹಾಕುವರಾದುದರಿಂದ, ಮನಸ್ಸಿನಲ್ಲಿ ಕಟ್ಟಿದ ಮನೆಯು 14 ಸೆಂಟ್ಸಿನೊಳಗೆ ಹಿಡಿಯದೆ ಹೋಗಬಹುದು. ಸಾಲ ಕೊಡುವ ಬೇಂಕು ಕೂಡ ದಾಖಲೆಯ ವಿಸ್ತೀರ್ಣಕ್ಕೇ ಬೆಲೆ ಕಟ್ಟುವುದು.

ಕ್ರಯಪತ್ರದಲ್ಲಿ ‘ಕುಮ್ಕಿ ಹಾಗೂ ಮಾಮೂಲು ಹಕ್ಕುಗಳ ಸಹಿತ’ ಎಂದು ಬರೆಸಿಕೊಟ್ಟರೆ ಸಾಕೆಂದು ಹಲವರು ನಂಬಿರುವರು. ಮಾರುವವನಿಗೆ ಎಷ್ಟು ಹಕ್ಕಿತ್ತೋ ಅಷ್ಟೇ ಆ ಮಾತಿನಿಂದ ದಾಟುವುದು. ದಾರಿಯ ಹಾಗೂ ನೀರಿನ ಹಕ್ಕಿಗಾದರೆ ಆ ಒಕ್ಕಣೆಯು ಉಪಯೋಗಕ್ಕೆ ಬರಬಹುದು. ನೆಲದ ಒಡೆತನವನ್ನು ಅದು ಹುಟ್ಟಿಸಲಾರದು.

ಕಾಪುವಿನ ಕಡಲಂಚಿನಲ್ಲಿಯೂ ಹೊಳೆಯ ಬದಿಯಲ್ಲಿಯೂ ಇದರೊಡನೆ ಕರಾವಳಿ ನಿಯಂತ್ರಣ ವಲಯದ ನಕ್ಷೆಯನ್ನು ನೋಡಬೇಕು. ಅಲ್ಲಿ ಸ್ವಂತ ವರ್ಗದಲ್ಲಿಯೂ ಮನೆ ಕಟ್ಟಲು ತಡೆಯಿರಬಹುದು. ಉಡುಪಿ, ಮಣಿಪಾಲಗಳಲ್ಲಿ ನಿವೇಶನದ ವಿನ್ಯಾಸಕ್ಕೆ ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆಯಿದೆಯೇ ಎಂದು ಕೇಳಬೇಕು. ಇವು ಸುಲಭವಾಗಿ ತಿಳಿಯತಕ್ಕ ವಿಷಯಗಳು.

ಅಷ್ಟು ಸುಲಭವಾಗಿ ತಿಳಿಯದಿರುವುದು, ಯಾರು ಯಾರು ರುಜು ಹಾಕಬೇಕೆಂಬುದು. ನಮ್ಮ ಸೀಮೆಯ ಬಹು ಮನೆತನಗಳಲ್ಲಿ ಅಳಿಯಸಂತಾನದ ಕಟ್ಟು ನಡೆದುಬಂದಿತ್ತು. ಆಸ್ತಿಯು ಹೆಣ್ಣಿನ ಸಂತತಿಯ ಕುಟುಂಬಕ್ಕೆ ಸೇರಿದ್ದು, ಆಡಳಿತವು ಯಜಮಾನನದಾಗಿರುತ್ತಿತ್ತು. 1949ರ ಮದ್ರಾಸು ಅಳಿಯಸಂತಾನ ಅಧಿನಿಯಮ, 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮಗಳ ಬಳಿಕ ಪಾಲುಗಳು ಬೇರೆಯಾದವು. ಆದರೂ ಎಷ್ಟೋ ಪಹಣಿಗಳಲ್ಲಿ ಹಳೆಯ ಒಂದೇ ಹೆಸರು ಉಳಿದುಬಂದಿದೆ. ಆ ಹೆಸರಿನವರ ಮಗನು ಬಂದು ‘ನಮ್ಮ ತಂದೆಯ ಜಾಗ’ವೆಂದರೆ, ತಂದೆಯ ಅಕ್ಕತಂಗಿಯರ ಮಕ್ಕಳಿಗೆ ಪಾಲಿದೆಯೇ ಎಂದು ವಿಚಾರಿಸಬೇಕಾಗುವುದು. ಅವರಲ್ಲಿ ಒಬ್ಬರು ಮುಂಬಯಿಯಲ್ಲಿಯೋ ದುಬೈಯಲ್ಲಿಯೋ ಇದ್ದು, ಪಾಗಾರದ ಕೆಲಸವಾದ ಮೇಲೆ ದಾವೆ ಹೂಡುವುದುಂಟು. ಋಣಭಾರ ಪತ್ರದಲ್ಲಿ ಇದು ಕಾಣುವುದಿಲ್ಲ. ನೋಂದಣಿಯಾದ ಪತ್ರಗಳಷ್ಟೇ ಅದರಲ್ಲಿ ಬರುವುವು. ಮರಣವಾಗಲಿ, ಬಾಯಿಮಾತಿನ ಪಾಲಾಗಲಿ ಅಲ್ಲಿ ದೊರೆಯದು. ಆದುದರಿಂದ ವಂಶವೃಕ್ಷವನ್ನೂ ನೋಂದಾಯಿತ ವಿಭಾಗಪತ್ರವನ್ನೂ ಕೇಳಿ ತೆಗೆದುಕೊಂಡು, ಈ ಜಿಲ್ಲೆಯ ನ್ಯಾಯಾಲಯಗಳಲ್ಲಿ ಕೆಲಸ ಮಾಡಿ ಬಲ್ಲ ವಕೀಲರೊಬ್ಬರಿಗೆ ತೋರಿಸತಕ್ಕದ್ದು.

ಇನ್ನು ಮುಂಗಡದ ಕರಾರು. ಅದರಲ್ಲಿ ಒಟ್ಟು ಬೆಲೆಯನ್ನು ಬರೆಯದೆ, ‘ಹದ್ದುಬಸ್ತಿನಲ್ಲಿ ಸಿದ್ಧವಾದ ವರ್ಗ ಜಾಗಕ್ಕೆ ಸೆಂಟ್ಸಿಗೆ ಇಂತಿಷ್ಟು’ ಎಂದು ಬರೆಸಿಕೊಳ್ಳಬಹುದು. ನಮ್ಮ ದೃಷ್ಟಾಂತದ ಮಾರಾಟಗಾರನು ಇದಕ್ಕೆ ಒಪ್ಪಿದರೆ 56 ಲಕ್ಷಕ್ಕೆ ಮಾತು ನಿಲ್ಲುವುದು. ಬಾವಿಯು ಕುಮ್ಕಿಯಲ್ಲಿದ್ದರೆ ವರ್ಗದೊಳಗೆ ಬೇರೊಂದನ್ನು ತೋಡಿಸುವ ಖರ್ಚನ್ನೂ ಅದರಲ್ಲಿ ಕಳೆಯಲು ಕೇಳಬಹುದು.