ಮೇಜಿಗೂ ಒಂದು ವಿಳಾಸ ಬೇಕು

ಜಯನಗರದಲ್ಲಿ, ಬಾಡಿಗೆ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ಒಂದು ಲೆಕ್ಕಪರಿಶೋಧಕರ ಕಚೇರಿ ಇದೆ ಎಂದುಕೊಳ್ಳಿ. 24 ಮಂದಿ ಸಿಬ್ಬಂದಿ, ಅಷ್ಟೇ ಕಂಪ್ಯೂಟರು, ಹತ್ತು ಸ್ಟೀಲ್ ಬೀರು, ಗೋಡೆಯುದ್ದಕ್ಕೂ ಬಾಕ್ಸ್ ಫೈಲು. ಈ ಕಚೇರಿ ರಾಜಾಜಿನಗರಕ್ಕೆ ಹೋಗಬೇಕು. ಅಲ್ಲಿ ಸಿಕ್ಕಿರುವುದು ಒಂದು ಕಾಲಕ್ಕೆ ಮನೆಯಾಗಿದ್ದ ಎರಡಂತಸ್ತಿನ ಕಟ್ಟಡ. ಶನಿವಾರ ಮಧ್ಯಾಹ್ನ ಇಲ್ಲಿ ಬೀಗ, ಸೋಮವಾರ ಬೆಳಿಗ್ಗೆ ಅಲ್ಲಿ ಕೆಲಸ. ಬೆಂಗಳೂರಿನಲ್ಲಿ ಇಂಥ ಸ್ಥಳಾಂತರ ವಾರವಾರವೂ ನಡೆಯುತ್ತದೆ. ಮನೆಯನ್ನೇ ಕಚೇರಿ ಮಾಡಿಕೊಳ್ಳುವುದೂ ಇಲ್ಲಿ ಮಾಮೂಲು. ತೊಂದರೆಗಳು ಬರುವುದೂ ಹೆಚ್ಚಾಗಿ ಅದೇ ಕಾರಣಕ್ಕೆ.

ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಫೋನ್ ಮಾಡುವುದು ಪ್ಯಾಕರ್ಸ್‌ನವರಿಗೆ. ಅವರದು ಒಂದೂವರೆ ದಿನದ ಕೆಲಸ, ವಾರ ಮುಂಚೆ ಹೇಳಿದರೂ ಬರುತ್ತಾರೆ. ಆಷಾಢದಲ್ಲಾದರೆ ಇನ್ನೂ ಸಲೀಸು, ಆ ತಿಂಗಳು ಮನೆ ಬದಲಿಸುವವರು ಕಡಿಮೆ. ಮೊದಲು ಹಿಡಿಯಬೇಕಾದವರು ಬೇರೆ ಇಬ್ಬರು: ಇಂಟರ್‌ನೆಟ್ ಕಂಪನಿಯವರು ಮತ್ತು ಹೊಸ ಕಟ್ಟಡದ ಮಾಲೀಕರು. ಬಾಡಿಗೆ ಕರಾರಿಗೆ ಸಹಿ ಬಿದ್ದ ದಿನವೇ ಇಂಟರ್‌ನೆಟ್‌ಗೆ ಅರ್ಜಿ ಹೋಗಬೇಕು. ಆ ಬೀದಿಗೆ ಫೈಬರ್ ಬಂದಿದೆಯೇ, ಕಂಬದಿಂದ ಕಟ್ಟಡಕ್ಕೆ ಎಳೆಯಲು ದಾರಿ ಇದೆಯೇ ಎಂದು ಅವರು ಬಂದು ನೋಡುವುದಕ್ಕೇ ದಿನಗಳು ಹಿಡಿಯುತ್ತವೆ. ಹಳೆಯ ಸಂಪರ್ಕವನ್ನು ‘ಶಿಫ್ಟ್’ ಮಾಡಿಸುವ ಬದಲು ಹೊಸದನ್ನೇ ತೆಗೆದುಕೊಂಡು, ಒಂದು ತಿಂಗಳು ಎರಡಕ್ಕೂ ಬಿಲ್ ಕಟ್ಟುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. 24 ಮಂದಿ ಒಂದು ದಿನ ಕೈಕಟ್ಟಿ ಕುಳಿತರೆ ಆಗುವ ನಷ್ಟದ ಮುಂದೆ ಆ ಬಿಲ್ ದೊಡ್ಡದಲ್ಲ. ಕಚೇರಿಗೆ ಸ್ಥಿರ ಐಪಿ ವಿಳಾಸ ಇದ್ದರೆ ಅದು ಬದಲಾಗುವ ಸಂಭವವೇ ಹೆಚ್ಚು. ಆ ವಿಳಾಸವನ್ನು ನಂಬಿ ಒಳಗೆ ಬಿಡುವ ಗ್ರಾಹಕರ ಸರ್ವರ್ ಸೋಮವಾರ ಬೆಳಿಗ್ಗೆ ನಿಮ್ಮನ್ನು ಹೊರಗೇ ನಿಲ್ಲಿಸುತ್ತದೆ. ಹೊಸ ಸಂಖ್ಯೆ ತಿಳಿದ ಕೂಡಲೇ ಅವರಿಗೆ ಬರೆದು ತಿಳಿಸಿ.

ಮಾಲೀಕರ ಹತ್ತಿರ ಕೇಳಬೇಕಾದದ್ದು ಕರೆಂಟ್ ಬಿಲ್. ಬೆಸ್ಕಾಂ ಸಂಪರ್ಕ ಗುರುತಾಗುವುದು ಆರ್.ಆರ್. ನಂಬರಿನಿಂದ. ಬಾಡಿಗೆದಾರರು ಬದಲಾದರೂ ಆ ನಂಬರ್ ಕಟ್ಟಡದಲ್ಲೇ ಉಳಿಯುತ್ತದೆ, ಸಾಮಾನ್ಯವಾಗಿ ಮಾಲೀಕರ ಹೆಸರಿನಲ್ಲೇ ಇರುತ್ತದೆ. ಬಿಲ್ಲಿನಲ್ಲಿ ಎರಡು ವಿಷಯ ನೋಡಿ. ಒಂದು, ಅದು ಗೃಹಬಳಕೆಯ ದರದ್ದೋ ವಾಣಿಜ್ಯ ದರದ್ದೋ ಎಂಬುದು. ಗೃಹಬಳಕೆಯ ಸಂಪರ್ಕದಲ್ಲಿ ಕಚೇರಿ ನಡೆಸಿದರೆ 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೇ ಕಲಮಿನ ಪ್ರಕಾರ ಅದು ಅನಧಿಕೃತ ಬಳಕೆಯಾಗುತ್ತದೆ, ಅನ್ವಯವಾಗುವ ದರದ ಎರಡರಷ್ಟು ವಸೂಲಾಗಬಹುದು. ಇನ್ನೊಂದು, ಮಂಜೂರಾದ ಲೋಡ್. ನಮ್ಮ ಉದಾಹರಣೆಯ ಲೆಕ್ಕ ಹಾಕೋಣ. ಕಂಪ್ಯೂಟರ್ ಮತ್ತು ಮಾನಿಟರ್ ಸೇರಿ ಒಂದಕ್ಕೆ ಸುಮಾರು 125 ವ್ಯಾಟ್ ಹಿಡಿದರೆ 24ಕ್ಕೆ 3 ಕಿಲೋವ್ಯಾಟ್. ಒಂದೂವರೆ ಟನ್ನಿನ ನಾಲ್ಕು ಎಸಿಗೆ ಆರೂವರೆಯ ಹತ್ತಿರ. ದೀಪ, ಫ್ಯಾನು, ಪ್ರಿಂಟರು, ನೀರಿನ ಪಂಪಿಗೆ ಎರಡು. ಒಟ್ಟು ಹನ್ನೊಂದೂವರೆ ಕಿಲೋವ್ಯಾಟ್. ಮನೆಗೆಂದು ಮಂಜೂರಾಗಿರುವುದು 5 ಕಿಲೋವ್ಯಾಟ್ ಆಗಿದ್ದರೆ ಲೋಡ್ ಹೆಚ್ಚಿಸಲು ಅರ್ಜಿ ಹಾಕಬೇಕು. ಸಂಪರ್ಕ ಮಾಲೀಕರ ಹೆಸರಿನಲ್ಲಿದ್ದ ಮೇಲೆ ಅರ್ಜಿಗೆ ಅವರ ಸಹಿ ಬೇಕು. ಅವರು ಮಗಳ ಮನೆಗೆಂದು ಅಮೆರಿಕಕ್ಕೆ ಹೊರಡುವ ಮುಂಚೆಯೇ ಹಾಕಿಸಿಕೊಳ್ಳಿ. ಬೇಸಿಗೆಯ ಮಧ್ಯಾಹ್ನ ನಾಲ್ಕೂ ಎಸಿ ಹಾಕಿದ ಹೊತ್ತಿಗೆ ಮೇನ್ ಸ್ವಿಚ್ ಬೀಳತೊಡಗಿದರೆ ಈ ಲೆಕ್ಕ ಯಾರೂ ಹಾಕಿಲ್ಲ ಎಂದೇ ಅರ್ಥ.

ಹಳೆಯ ಕಟ್ಟಡದಲ್ಲಿ ಕೆಲಸ ಚಿಕ್ಕದು. ಹೊರಡುವ ದಿನ ಮೀಟರ್ ರೀಡಿಂಗಿನ ಫೋಟೋ ತೆಗೆದು, ಅಂಕಿಯನ್ನೂ ತಾರೀಖನ್ನೂ ಒಂದು ಹಾಳೆಯಲ್ಲಿ ಬರೆದು ಮಾಲೀಕರ ಸಹಿ ಪಡೆಯಿರಿ. ನೀರಿನ ಮೀಟರಿಗೂ ಹೀಗೆಯೇ. ಕೊನೆಯ ಬಿಲ್ ನೀವು ಹೋದ ಮೇಲೆ ಬರುತ್ತದೆ, ಅಡ್ವಾನ್ಸ್ ಹಣದಲ್ಲಿ ಎಷ್ಟು ಮುರಿದುಕೊಳ್ಳಬೇಕು ಎಂಬ ಜಗಳ ಹುಟ್ಟುವುದು ಅಲ್ಲಿಯೇ.

ಇನ್ನು ಕಡತ. ಕಾಗದ ಎಷ್ಟು ಭಾರ ಎಂಬುದು ಅದನ್ನು ಎತ್ತುವವರೆಗೆ ತಿಳಿಯುವುದಿಲ್ಲ. ಎ4 ಹಾಳೆಯ 500ರ ಒಂದು ರೀಮ್ ಹೆಚ್ಚುಕಡಿಮೆ ಎರಡೂಕಾಲು ಕಿಲೋ. ತುಂಬಿದ ಬಾಕ್ಸ್ ಫೈಲ್ ಒಂದೂ ಅಷ್ಟೇ ತೂಗುತ್ತದೆ. ಐದು ಅರೆಯ ಬೀರುವಿನಲ್ಲಿ ಅರೆಗೆ ಹತ್ತರಂತೆ ಐವತ್ತು ಫೈಲ್ ಹಿಡಿಸಿದರೆ ಕಾಗದವೇ ನೂರು ಕಿಲೋ ದಾಟಿತು, ಬೀರುವಿನ ತೂಕ ಸೇರಿಸಿದರೆ ಇನ್ನೂರರ ಹತ್ತಿರ. ಅಷ್ಟೂ ಭಾರ ನಿಲ್ಲುವುದು ಅರ್ಧ ಚದರ ಮೀಟರಿಗಿಂತ ಕಡಿಮೆ ಜಾಗದ ಮೇಲೆ. ವಾಸದ ಮನೆಯ ಕೋಣೆಗಳಲ್ಲಿ ಜನ, ಸಾಮಾನು ಎಲ್ಲ ಸೇರಿ ಚದರ ಮೀಟರಿಗೆ ಸುಮಾರು 200 ಕಿಲೋ ಭಾರ ಬರುತ್ತದೆ ಎಂದು ಲೆಕ್ಕ ಹಿಡಿದು ವಿನ್ಯಾಸ ಮಾಡುವುದು ನಮ್ಮ ಭಾರತೀಯ ಮಾನಕದ ರೂಢಿ. ಕಡತದ ಕೋಣೆಗೆ ಅದೇ ಮಾನಕ ಹೇಳುವುದು ಸುಮಾರು 500 ಕಿಲೋ. ಒಂದೆರಡು ಬೀರುವನ್ನು ಗೋಡೆಗೆ ಒತ್ತಿ ಇಟ್ಟರೆ ಏನೂ ಆಗಲಾರದು. ಹತ್ತನ್ನೂ ಮೇಲಿನ ಮಹಡಿಯ ಒಂದೇ ಮಲಗುವ ಕೋಣೆಯಲ್ಲಿ ಎರಡು ಸಾಲಾಗಿ ನಿಲ್ಲಿಸುವುದು ಬೇರೆ ಮಾತು. ಕಡತದ ಕೋಣೆ ನೆಲಮಹಡಿಯಲ್ಲಿರಲಿ. ಅದು ಆಗದಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆದು ತೋರಿಸಿ. ಕೆಳಗಿನ ಕೋಣೆಯ ಚಾವಣಿಯಲ್ಲಿ ಹೊಸ ಬಿರುಕು ಕಂಡರೆ ಅಥವಾ ಮೇಲಿನ ಬೀರುವಿನ ಬಾಗಿಲು ತಾನಾಗಿ ತೆರೆದುಕೊಳ್ಳತೊಡಗಿದರೆ ಕಾಯಬೇಡಿ, ಅಂದೇ ಖಾಲಿ ಮಾಡಿ.

ಹೊರೆ ಇಳಿಸುವ ಇನ್ನೊಂದು ದಾರಿ, ಒಯ್ಯದೇ ಇರುವುದು. ಕಂಪನಿಗಳು ಲೆಕ್ಕದ ಪುಸ್ತಕಗಳನ್ನು ಎಂಟು ಹಣಕಾಸು ವರ್ಷಗಳ ಕಾಲ ಇಟ್ಟುಕೊಳ್ಳಬೇಕು. ಜಿಎಸ್‌ಟಿ ದಾಖಲೆಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು. ವ್ಯಾಜ್ಯ ಅಥವಾ ತನಿಖೆ ಬಾಕಿ ಇದ್ದರೆ ಅದು ಮುಗಿಯುವ ತನಕ ಯಾವುದನ್ನೂ ಮುಟ್ಟುವಂತಿಲ್ಲ. ಈ ಜರಡಿಯಲ್ಲಿ ಸೋಸಿದರೆ ಹಳೆಯ ಕಚೇರಿಗಳಲ್ಲಿ ಸಾಕಷ್ಟು ಕಾಗದ ಕೆಳಗೆ ಬೀಳುತ್ತದೆ. ಅದನ್ನು ಗುಜರಿಗೆ ಹಾಗೇ ಕೊಡಬೇಡಿ, ಅದರಲ್ಲಿ ಪ್ಯಾನ್ ನಂಬರ್, ಬ್ಯಾಂಕ್ ಖಾತೆ ಎಲ್ಲ ಇರುತ್ತದೆ. ಶ್ರೆಡರ್‌ನಲ್ಲಿ ಚೂರು ಮಾಡಿಸಿ. ಗ್ರಾಹಕರ ಮೂಲ ಪತ್ರಗಳು ಸಿಕ್ಕರೆ ರಸೀದಿ ಪಡೆದು ಹಿಂದಿರುಗಿಸಿ. ಉಳಿದದ್ದನ್ನು ಪೆಟ್ಟಿಗೆಗೆ 15 ಕಿಲೋ ಮೀರದಂತೆ ತುಂಬಿ. ಒಳಗೇನಿದೆ ಎಂಬುದು ರಿಜಿಸ್ಟರಿನಲ್ಲಿರಲಿ, ಪೆಟ್ಟಿಗೆಯ ಮೇಲೆ ಬರೀ ನಂಬರ್ ಸಾಕು. ಚೆಕ್ ಪುಸ್ತಕ, ಸೀಲು, ಗ್ರಾಹಕರ ಡಿಜಿಟಲ್ ಸಹಿಯ ಟೋಕನ್‌ಗಳು ಲಾರಿ ಹತ್ತಬಾರದು. ಜವಾಬ್ದಾರರೊಬ್ಬರ ಕಾರಿನಲ್ಲಿ, ಪಟ್ಟಿಯ ಜೊತೆ ಹೋಗಬೇಕು.

ಮೇಜು-ಕುರ್ಚಿಯ ವಿಷಯಕ್ಕೆ ಬಂದರೆ, ಚೀಟಿಯ ಮೇಲೆ ನೌಕರರ ಹೆಸರು ಬರೆಯುವುದು ಎಲ್ಲ ಕಡೆಯ ರೂಢಿ. ನನಗೆ ಅದು ಒಪ್ಪಿಗೆಯಿಲ್ಲ. ಸಾಮಾನು ಹೊರುವ ಹುಡುಗರಲ್ಲಿ ಅನೇಕರು ಹೊರ ರಾಜ್ಯದವರು. ಕನ್ನಡದಲ್ಲಿ ‘ಶೋಭಾ’ ಎಂದು ಬರೆದರೆ ಅವರಿಗೆ ಓದಲು ಬಾರದು, ಓದಿದರೂ ಶೋಭಾ ಯಾವ ಕೋಣೆಯಲ್ಲಿ ಕೂರುತ್ತಾರೆ ಎಂದು ತಿಳಿಯದು. ಸಾಲದ್ದಕ್ಕೆ ಶುಕ್ರವಾರ ಸಂಜೆ ಯಾರಾದರೂ ಇಬ್ಬರು ಜಾಗ ಅದಲುಬದಲು ಮಾಡಿಕೊಂಡಿರುತ್ತಾರೆ. ನಂಬರ್ ಇರಬೇಕಾದದ್ದು ಹೊಸ ಕಟ್ಟಡದ ಜಾಗಕ್ಕೆ. ನಕ್ಷೆ ಬರೆದು ಪ್ರತಿ ಜಾಗಕ್ಕೂ ಒಂದು ಅಂಕಿ ಕೊಡಿ. ಮೇಲಿನ ಮಹಡಿಯ ಎರಡನೇ ಕೋಣೆಯ ಏಳನೇ ಮೇಜು 1-2-07. ಕೋಣೆಗೊಂದು ಬಣ್ಣದ ಚೀಟಿ. ಯಾರು ಯಾವ ಅಂಕಿಯಲ್ಲಿ ಕೂರುತ್ತಾರೆ ಎಂಬುದು ಬೇರೆ ಹಾಳೆಯಲ್ಲಿರಲಿ, ಅದನ್ನು ಕೊನೆಯ ಗಳಿಗೆಯಲ್ಲೂ ತಿದ್ದಬಹುದು. 1-2-07 ಎಂಬ ಅಂಕಿ ಮೇಜಿಗೆ, ಕುರ್ಚಿಗೆ, ಡ್ರಾಯರಿಗೆ, ಸಿಪಿಯುಗೆ, ಮಾನಿಟರಿಗೆ, ಒಂದೊಂದಕ್ಕೂ ಅಂಟಬೇಕು. ಕುರ್ಚಿಗಳೆಲ್ಲ ಒಂದೇ ಥರ ಕಂಡರೂ ಕೂತವರಿಗೆ ಅವರವರದೇ ಬೇಕು. ಅದೇ ಅಂಕಿಯ ದೊಡ್ಡ ಹಾಳೆಗಳನ್ನು ಹೊಸ ಕಚೇರಿಯ ಗೋಡೆಗಳ ಮೇಲೆ ಶುಕ್ರವಾರವೇ ಅಂಟಿಸಿಬಿಡಿ. ಆಗ ಬಾಗಿಲಲ್ಲಿ ನಿಂತು ‘ಇದು ಎಲ್ಲಿ ಸಾರ್?’ ಎಂದು ಕೇಳುವುದೂ ನಿಲ್ಲುತ್ತದೆ, ಸಾಮಾನನ್ನು ಎರಡೆರಡು ಸಲ ಎತ್ತುವುದೂ ನಿಲ್ಲುತ್ತದೆ. ಅಂಟಿಸಲು ಮಾಸ್ಕಿಂಗ್ ಟೇಪ್ ಬಳಸಿ. ಪ್ಯಾಕಿಂಗ್ ಟೇಪ್ ಕೀಳುವಾಗ ಪಾಲಿಶನ್ನೂ ಎಬ್ಬಿಸುತ್ತದೆ. ಡ್ರಾಯರುಗಳ ಬೀಗದ ಕೈಗಳನ್ನು ಅಂಕಿ ಬರೆದ ಕವರುಗಳಲ್ಲಿ ಹಾಕಿ ಒಬ್ಬರ ಕೈಗೇ ಕೊಡಿ. ದೊಡ್ಡ ಮೇಜು ಹೊಸ ಮನೆಯ ಮೆಟ್ಟಿಲಿನ ತಿರುವಿನಲ್ಲಿ ತಿರುಗುತ್ತದೆಯೇ ಎಂದು ಟೇಪ್ ಹಿಡಿದು ಮೊದಲೇ ಅಳೆಯಿರಿ. ಮನೆಯ ಮೆಟ್ಟಿಲುಗಳು ಕಾನ್ಫರೆನ್ಸ್ ಟೇಬಲ್ಲಿಗೆಂದು ಕಟ್ಟಿದವಲ್ಲ.

ಕೇಬಲ್ಲಿಗೂ ಅದೇ ಅಂಕಿ. ಪ್ರತಿ ಮೇಜಿನ ಪವರ್ ಕಾರ್ಡ್, ಅಡಾಪ್ಟರ್, ಮೌಸ್, ಲ್ಯಾನ್ ತಂತಿ ಎಲ್ಲ ಒಂದು ಜಿಪ್ ಕವರಿನಲ್ಲಿ, ಮೇಲೆ 1-2-07. ಅಡಾಪ್ಟರುಗಳ ವಿಷಯದಲ್ಲಿ ಸಡಿಲ ಬೇಡ. 12 ವೋಲ್ಟಿನ ರೂಟರಿಗೆ 19 ವೋಲ್ಟಿನ ಲ್ಯಾಪ್‌ಟಾಪ್ ಅಡಾಪ್ಟರಿನ ಪಿನ್ನು ಹಿಡಿಸಿತೆಂದು ಚುಚ್ಚಿದರೆ ರೂಟರ್ ಸುಟ್ಟುಹೋಗಬಹುದು. ಸ್ವಿಚ್ ಇರುವ ರ‍್ಯಾಕನ್ನು ಬಿಚ್ಚುವ ಮುಂಚೆ ಮುಂದಿನಿಂದ, ಹಿಂದಿನಿಂದ ಫೋಟೋ ತೆಗೆದು, ಪ್ರತಿ ತಂತಿಗೂ ಎರಡೂ ತುದಿಯಲ್ಲಿ ಚೀಟಿ ಹಾಕಿ. ಒಂದೇ ತುದಿಗೆ ಹಾಕಿದ ಚೀಟಿ ಪ್ರಯೋಜನಕ್ಕೆ ಬಾರದು. ಗೋಡೆಯೊಳಗಿನ ಹಳೆಯ ಲ್ಯಾನ್ ತಂತಿ ಎಳೆಯುವ ಗೋಜಿಗೆ ಹೋಗಬೇಡಿ. ಹೊಸ ಕಟ್ಟಡದಲ್ಲಿ ಹೊಸ ತಂತಿಯನ್ನೇ ಎಳೆಸಿ, ಒಂದೊಂದು ಪಾಯಿಂಟಿಗೂ ಲ್ಯಾಪ್‌ಟಾಪ್ ಸಿಕ್ಕಿಸಿ ಪರೀಕ್ಷೆ ಮಾಡಿ. ಇದು ಮೇಜುಗಳು ಬರುವ ಮುಂಚೆ ಆಗಬೇಕು. ಆಮೇಲಾದರೆ ಪಾಯಿಂಟುಗಳೆಲ್ಲ ಬೀರುವಿನ ಹಿಂದೆ ಸಿಕ್ಕಿಕೊಂಡಿರುತ್ತವೆ. ಸರ್ವರಿನ ಬ್ಯಾಕಪ್ ತೆಗೆದು, ಅದು ತೆರೆಯುತ್ತದೆಯೇ ಎಂದು ನೋಡಿ, ಸರ್ವರ್ ಹೋಗುವ ಗಾಡಿಯಲ್ಲಿ ಇಡದೆ ಬೇರೆ ಒಯ್ಯಿರಿ. ಯುಪಿಎಸ್‌ನ ಟ್ಯೂಬುಲರ್ ಬ್ಯಾಟರಿಗಳನ್ನು ತಂತಿ ಬಿಚ್ಚಿ, ನೆಟ್ಟಗೆ ನಿಲ್ಲಿಸಿಯೇ ಸಾಗಿಸಬೇಕು. ಅಡ್ಡ ಮಲಗಿಸಿದರೆ ಆಸಿಡ್ ಸೋರುತ್ತದೆ.

ಪೂಜೆಯನ್ನು ಸೋಮವಾರಕ್ಕೆ ಇಡಬೇಡಿ ಎಂಬುದೂ ನನ್ನ ಸಲಹೆ. ಸೋಮವಾರ ಬೆಳಿಗ್ಗೆ ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ, ಅದು ಕಳೆದು ಪೂಜೆ ಆರಂಭವಾಗುವ ಹೊತ್ತಿಗೆ 24 ಮಂದಿಯೂ ಬಾಗಿಲಲ್ಲಿ ನಿಂತಿರುತ್ತಾರೆ. ಕಟ್ಟಡ ಖಾಲಿ ಇರುವಾಗಲೇ ಮಾಡಿಸಿಕೊಂಡರೆ ಎಲ್ಲರಿಗೂ ಅನುಕೂಲ.

ಸೋಮವಾರದಿಂದ ಕಾಗದದ ಗಡುವುಗಳು ಓಡತೊಡಗುತ್ತವೆ. ಜಿಎಸ್‌ಟಿಯಲ್ಲಿ ಮುಖ್ಯ ವ್ಯವಹಾರದ ಸ್ಥಳ ಬದಲಾದರೆ 15 ದಿನಗಳೊಳಗೆ GST REG-14 ನಮೂನೆಯಲ್ಲಿ ತಿದ್ದುಪಡಿಗೆ ಅರ್ಜಿ ಸಲ್ಲಿಸಬೇಕು. ಕಂಪನಿಯ ನೋಂದಾಯಿತ ಕಚೇರಿ ಬದಲಾದರೆ 30 ದಿನಗಳೊಳಗೆ INC-22. ವಿಳಾಸದ ಆಧಾರವಾಗಿ ಬಾಡಿಗೆ ಕರಾರನ್ನೂ ಕರೆಂಟ್ ಬಿಲ್ಲನ್ನೂ ಲಗತ್ತಿಸುವುದು ವಾಡಿಕೆ. ಕರಾರಿನಲ್ಲಿ ‘ನಂ. 45, 3ನೇ ಅಡ್ಡರಸ್ತೆ’, ಬಿಲ್ಲಿನಲ್ಲಿ ಬರೀ ‘ಸೈಟ್ 45’ ಎಂದಿದ್ದರೆ ಅಧಿಕಾರಿ ವಿವರಣೆ ಕೇಳಬಹುದು. ಆದ್ದರಿಂದ ಕರಾರು ಬರೆಸುವಾಗಲೇ ಬಿಲ್ಲನ್ನು ಪಕ್ಕದಲ್ಲಿಟ್ಟುಕೊಂಡು ವಿಳಾಸವನ್ನು ಹೊಂದಿಸಿ ಬರೆಸಿ. ಹೊಸ ನಾಮಫಲಕದಲ್ಲಿ ಜಿಎಸ್‌ಟಿ ಸಂಖ್ಯೆ ಕಾಣಬೇಕು. ಫಲಕದ ಶೇ 60 ಭಾಗ ಕನ್ನಡದಲ್ಲಿರಬೇಕು, ಕನ್ನಡ ಮೇಲ್ಭಾಗದಲ್ಲಿರಬೇಕು ಎಂದು 2024ರಲ್ಲಿ ತಿದ್ದುಪಡಿಯಾದ ರಾಜ್ಯದ ಕಾನೂನು ಹೇಳುತ್ತದೆ. ಫಲಕ ಬರೆಯುವವರಿಗೆ ಅಳತೆ ಕೊಡುವಾಗ ಇದನ್ನೂ ಹೇಳಿ. ಹಳೆಯ ವಿಳಾಸದ ಅಂಚೆ ಕಚೇರಿಗೆ ಟಪಾಲನ್ನು ಹೊಸ ವಿಳಾಸಕ್ಕೆ ತಿರುಗಿಸುವಂತೆ ಅರ್ಜಿ ಕೊಡಿ. ಇಲಾಖೆಗಳ ನೋಟಿಸುಗಳಲ್ಲಿ ಕೆಲವು ಇನ್ನೂ ಕಾಗದದಲ್ಲೇ ಬರುತ್ತವೆ, ಅವಕ್ಕೆ ಉತ್ತರಿಸುವ ಗಡುವು ನೀವು ಮನೆ ಬದಲಿಸಿದ್ದೀರೆಂದು ನಿಲ್ಲುವುದಿಲ್ಲ.